ಒಬ್ಬರು ಸಿಟ್ಟಿನಲ್ಲಿ ಗ್ರೂಪ್ ಬಿಟ್ಟರು, ಇನ್ನೊಬ್ಬನನ್ನು ತೆಗೆದರು. ಉಳಿದ 95 ಜನಕ್ಕೆ ಏನು ಹೇಳಲಿ?

ಮೂರನೇ ಮಹಡಿ

ನಮ್ಮದು ಬೆಂಗಳೂರಿನಲ್ಲಿ 64 ಮನೆಗಳ ಅಪಾರ್ಟ್‌ಮೆಂಟ್. ವಾಟ್ಸಾಪ್ ಗ್ರೂಪಿನಲ್ಲಿ 97 ಜನ ಇದ್ದೆವು. ನಿನ್ನೆ ರಾತ್ರಿಯಿಂದ 95. ನಾನು ಸಂಘದ ಕಾರ್ಯದರ್ಶಿ, ಗ್ರೂಪಿಗೆ ಅಡ್ಮಿನ್. ನಮ್ಮ ಖಜಾಂಚಿಯೂ ಅಡ್ಮಿನ್.

ಆಗಿದ್ದು ಇಷ್ಟು. ಬೋರ್ ಬತ್ತಿದೆ, ಎರಡು ತಿಂಗಳಿಂದ ಟ್ಯಾಂಕರ್ ನೀರು. ಹೋದ ತಿಂಗಳ ಲೆಕ್ಕದಲ್ಲಿ 41 ಟ್ಯಾಂಕರ್ ಅಂತ ಇತ್ತು. ಐದನೇ ಮಹಡಿಯ ಹಿರಿಯರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಗೇಟಿನ ಸೆಕ್ಯುರಿಟಿ ಪುಸ್ತಕ ತರಿಸಿಕೊಂಡು ಎಣಿಸಿದರು. ಅದರಲ್ಲಿ 36 ಇತ್ತು. ಪುಟಗಳ ಫೋಟೋ ಹಾಕಿ "ಉಳಿದ ಐದು ಎಲ್ಲಿ ಹೋದವು ಸ್ವಾಮಿ?" ಅಂತ ಕೇಳಿದರು. ಖಜಾಂಚಿ "ರಿಟೈರ್ ಆದವರಿಗೆ ಎಣಿಸೋದೇ ಕೆಲಸ" ಅಂದರು. ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. 10:40ಕ್ಕೆ ಹಿರಿಯರು "ಇದು ಕಳ್ಳರ ಸಂತೆ, ನನಗೆ ಬೇಡ" ಅಂತ ಬರೆದು ಗ್ರೂಪ್ ಬಿಟ್ಟುಹೋದರು.

ಅಷ್ಟಕ್ಕೇ ಮುಗಿಯಲಿಲ್ಲ. ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗನೊಬ್ಬ ಹಿರಿಯರ ಪರ ಅಂದುಕೊಂಡು ಒಂದು ವಾಯ್ಸ್ ಮೆಸೇಜ್ ಹಾಕಿದ. ಅದರಲ್ಲಿ ಖಜಾಂಚಿಯ ಹೆಂಡತಿಯನ್ನು ಎಳೆದು ತಂದು ಕೆಟ್ಟ ಮಾತು. ಎರಡು ನಿಮಿಷದಲ್ಲಿ ಖಜಾಂಚಿಯೇ ಅವನನ್ನು ತೆಗೆದುಹಾಕಿದರು. ನಾನು ಆಗ ಅಡುಗೆಮನೆ ಒರೆಸುತ್ತಿದ್ದೆ. ಬಂದು ನೋಡಿದರೆ 140 ಮೆಸೇಜ್.

ಬೆಳಗ್ಗೆಯಿಂದ ಒಬ್ಬೊಬ್ಬರೇ ಕೇಳುತ್ತಿದ್ದಾರೆ. ಏನು ಹೇಳಲಿ ಅಂತ ಕೂತು ಇದನ್ನು ಬರೆದಿದ್ದೇನೆ. ಕಳಿಸಬಹುದಾ?

> "ಆತ್ಮೀಯ ನಿವಾಸಿಗಳೇ, ಗ್ರೂಪಿನ ಶಾಂತಿ ಕದಡುತ್ತಿದ್ದ ಕೆಲವರು ಈಗ ನಮ್ಮೊಂದಿಗಿಲ್ಲ. ಅಪಾರ್ಟ್‌ಮೆಂಟಿನ ಒಗ್ಗಟ್ಟಿಗಾಗಿ ಕಠಿಣ ನಿರ್ಧಾರ ತೆಗೆದುಕೊಳ್ಳಬೇಕಾಯಿತು. ದಯವಿಟ್ಟು ಈ ವಿಷಯ ಇಲ್ಲಿಗೇ ಮುಗಿಸೋಣ. ಸಹಕರಿಸಿ 🙏"

---

ಬಿಸಿಬೇಳೆ

"ಈಗ ನಮ್ಮೊಂದಿಗಿಲ್ಲ" ಅಂತ ಬರೆದರೆ ಅವರ ಮನೆ ಮುಂದೆ ಜನ ಹಾರ ತಗೊಂಡು ಬರ್ತಾರೆ.

ತಮಾಷೆ ಬಿಡಿ. ಖಜಾಂಚಿ ಮಾಡಿದ್ದು ಸರಿ. ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಕೇಸ್ ಬೀಳುವುದು ಅಡ್ಮಿನ್ ಮೇಲೆ. ಆ ವಾಯ್ಸ್ ಮೆಸೇಜ್ ಇನ್ನೊಂದು ಗಂಟೆ ಇದ್ದಿದ್ದರೆ ನೀವೇ ಸ್ಟೇಷನ್ ಮೆಟ್ಟಿಲು ಹತ್ತಬೇಕಿತ್ತು. ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿ, ನೆಮ್ಮದಿಯಾಗಿರಿ.

---

ಹಳೇ ಕಾರ್ಯದರ್ಶಿ

ಮೊದಲು, ಆ ಮೆಸೇಜ್ ಕಳಿಸಬೇಡಿ. ಒಂಬತ್ತು ವರ್ಷ ಈ ಕುರ್ಚಿಯಲ್ಲಿ ಕೂತಿದ್ದೆ. ಇಂಥದ್ದೇ ಒಂದನ್ನು ಕಳಿಸಿ ಆರು ತಿಂಗಳು ಅನುಭವಿಸಿದ್ದೇನೆ.

ನಿಮ್ಮ ಕರಡು ಎರಡು ಬೇರೆ ಬೇರೆ ಘಟನೆಯನ್ನು ಒಂದೇ ಚೀಲಕ್ಕೆ ಹಾಕಿದೆ. ಹಿರಿಯರು ತಾವಾಗಿ ಹೋದರು. ಹುಡುಗನನ್ನು ತೆಗೆದಿರಿ. "ಕೆಲವರು", "ಕಠಿಣ ನಿರ್ಧಾರ" ಅಂದ ಕೂಡಲೇ ಓದುವವರಿಗೆ ಏನು ಅರ್ಥ ಆಗುತ್ತೆ? ಟ್ಯಾಂಕರ್ ಲೆಕ್ಕ ಕೇಳಿದವರನ್ನು ಸಂಘದವರು ಹೊರಗೆ ಹಾಕಿದರು ಅಂತ. ಸುಳ್ಳು ಹೇಳದೆಯೇ ಸುಳ್ಳು ಹಬ್ಬಿಸಿದ ಹಾಗಾಯಿತು. ಸಂಜೆ ವಾಕಿಂಗ್ ಹೊತ್ತಿಗೆ ಇದೇ ಅಪಾರ್ಟ್‌ಮೆಂಟಿನ ಇತಿಹಾಸ ಆಗಿರುತ್ತೆ.

ಎರಡನೇದು "ಶಾಂತಿ ಕದಡುತ್ತಿದ್ದ". ಇದು ಅವರು ಎಂಥವರು ಅನ್ನುವ ಮಾತು. ಅವರು ಏನು ಮಾಡಿದರು ಅಂತ ಇಲ್ಲಿ ಇಲ್ಲವೇ ಇಲ್ಲ. ನೀವು ಕಳಿಸಿ ಐದು ನಿಮಿಷದೊಳಗೆ ಯಾರೋ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು ಆ ಇಬ್ಬರಿಗೂ ಕಳಿಸುತ್ತಾರೆ. ಅವರೂ ಓದುತ್ತಾರೆ ಅಂದುಕೊಂಡೇ ಬರೆಯಿರಿ. ಲಿಫ್ಟ್‌ನಲ್ಲಿ ಅವರ ಮುಖ ನೋಡಿ ಹೇಳಲಾಗದ ಮಾತನ್ನು ಗ್ರೂಪಿನಲ್ಲೂ ಹೇಳಬೇಡಿ.

ಮೂರನೇದು ಎಲ್ಲಕ್ಕಿಂತ ದೊಡ್ಡದು. "ಈ ವಿಷಯ ಇಲ್ಲಿಗೇ ಮುಗಿಸೋಣ" ಅಂದಿದ್ದೀರಿ. ಯಾವ ವಿಷಯ? ಜಗಳವೋ, ಐದು ಟ್ಯಾಂಕರೋ? ಹಿರಿಯರು ಹೋದರು, ಅವರ ಪ್ರಶ್ನೆ ಹೋಗಿಲ್ಲ. ಅದು ಗ್ರೂಪಿನಲ್ಲೇ ಕೂತಿದೆ, ಫೋಟೋ ಸಮೇತ.

ಬಿಸಿಬೇಳೆ, ಕೇಸಿನ ವಿಷಯ ಅರ್ಧ ಸರಿ ಅಷ್ಟೇ. ಸದಸ್ಯರು ಹಾಕಿದ್ದಕ್ಕೆ, ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಅಡ್ಮಿನ್ ಹೊಣೆ ಅಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೇಳಿದೆ. 2022ರಲ್ಲಿ ಕೇರಳ ಹೈಕೋರ್ಟೂ ಅದನ್ನೇ ಹೇಳಿತು. ಅಡ್ಮಿನ್ ತಾನೇ ಅದರಲ್ಲಿ ಕೈಜೋಡಿಸಿದ್ದರೆ ಬೇರೆ ಮಾತು. ಭಯದಿಂದ ಜನರನ್ನು ತೆಗೆಯುವ ಅಗತ್ಯ ಇಲ್ಲ.

---

ಬಿಸಿಬೇಳೆ

ಅದು ಬೇರೆ ರಾಜ್ಯಗಳ ಕೋರ್ಟ್ ಅಲ್ವಾ ಸಾರ್. ನಮ್ಮಲ್ಲಿ ಪೊಲೀಸರು ಮೊದಲು ಕರೆಯುತ್ತಾರೆ, ತೀರ್ಪು ಆಮೇಲೆ ಓದುತ್ತಾರೆ.

---

ಹಳೇ ಕಾರ್ಯದರ್ಶಿ

ಆ ಮಾತು ಒಪ್ಪಿದೆ. ಅದಕ್ಕೇ ಆ ವಾಯ್ಸ್ ಮೆಸೇಜ್ ಎಲ್ಲರಿಗೂ ಕಾಣದ ಹಾಗೆ ಅಳಿಸಿದ್ದರೆ ಸಾಕಿತ್ತು. ಮೆಸೇಜ್ ಅಳಿಸುವುದು ಒಂದು, ಮನುಷ್ಯನನ್ನು ಹೊರಗೆ ಹಾಕುವುದು ಇನ್ನೊಂದು.

---

ಕರಾವಳಿ ಹುಡುಗಿ

ನಮ್ಮ ಮನೆಯಲ್ಲೂ ಹೀಗೇ ಆಯಿತು ಮಾರಾಯ್ರೆ! ಫ್ಯಾಮಿಲಿ ಗ್ರೂಪಿನಿಂದ ದೊಡ್ಡತ್ತೆ ಹೊರಗೆ ಹೋದರು. ಮದುವೆ ಕಾಗದದಲ್ಲಿ ಅವರ ಮಗನ ಹೆಸರು ಕೆಳಗೆ ಬಂತು ಅಂತ. ನಾವು ಗ್ರೂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಅಮ್ಮ ಭಾನುವಾರ ನೀರುದೋಸೆ ಮಾಡಿ ತಗೊಂಡು ಹೋದರು, ಮದುವೆ ಸುದ್ದಿಯೇ ಎತ್ತಲಿಲ್ಲ. ಬುಧವಾರ ಅತ್ತೆ ತಾವೇ ವಾಪಸ್ ಬಂದು ಗುಡ್ ಮಾರ್ನಿಂಗ್ ಹಾಕಿದರು. ನೀವೂ ಸುಮ್ನೆ ಇರಿ, ಎಲ್ಲ ತಣ್ಣಗಾಗುತ್ತೆ.

---

ಹಳೇ ಕಾರ್ಯದರ್ಶಿ

ಮನೆಯಲ್ಲಿ ಆಗುತ್ತಮ್ಮ. ದೊಡ್ಡತ್ತೆಗೆ ಬೇಕಿದ್ದದ್ದು ಮಾನ. ನಿಮ್ಮಮ್ಮ ಮನೆಗೇ ಹೋದರು, ಮಾನ ಸಿಕ್ಕಿತು. ಇಲ್ಲಿ ಹಿರಿಯರು ಕೇಳಿದ್ದು ಲೆಕ್ಕ. ನೀರುದೋಸೆ ತಿಂದು "ಐದು ಟ್ಯಾಂಕರ್ ಎಲ್ಲಿ?" ಅಂತಲೇ ಕೇಳುತ್ತಾರೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ಹೋದವರ ಜೊತೆ ಮಾತಾಡುವುದು ಗ್ರೂಪಿನಲ್ಲಿ ಅಲ್ಲ, ಖುದ್ದಾಗಿ. "ಸಾರ್, ದಯವಿಟ್ಟು ವಾಪಸ್ ಬನ್ನಿ" ಅಂತ 95 ಜನರ ಮುಂದೆ ಕರೆದರೆ ಅವರಿಗೆ ಬರುವುದೂ ಕಷ್ಟ, ಬರದೇ ಇರುವುದೂ ಕಷ್ಟ.

---

ಎರಡು ಸಲ ಎಕ್ಸಿಟ್

ಬಿಟ್ಟುಹೋದವನ ಕಡೆಯಿಂದ ಹೇಳುತ್ತೇನೆ. ಪಾರ್ಕಿಂಗ್ ಜಗಳದಲ್ಲಿ ನಾನೂ ನಮ್ಮ ಲೇಔಟಿನ ಗ್ರೂಪ್ ಬಿಟ್ಟಿದ್ದೆ.

ಬಿಟ್ಟ ಹತ್ತು ನಿಮಿಷಕ್ಕೆ ಮೂರು ಜನ ಸ್ಕ್ರೀನ್‌ಶಾಟ್ ಕಳಿಸಿದರು. ಯಾರೋ ನಗುವ ಚಿತ್ರ ಹಾಕಿದ್ದರು. ಯಾರೋ "ಪೀಡೆ ತೊಲಗಿತು" ಅಂದಿದ್ದರು. ಪಾರ್ಕಿಂಗ್‌ದು ಮರೆತೇಹೋಯಿತು, ಆ "ಪೀಡೆ" ಇವತ್ತಿಗೂ ನೆನಪಿದೆ. ಅಡ್ಮಿನ್ ಅದನ್ನು ನೋಡಿಯೂ ಸುಮ್ಮನಿದ್ದರು. ಅವರು ಬೈದಿದ್ದಕ್ಕಿಂತ ಇವರು ಸುಮ್ಮನಿದ್ದದ್ದು ಜಾಸ್ತಿ ಚುಚ್ಚಿತು.

ಮತ್ತೆ, ನಾನು ಹೊರಗಿದ್ದ ಎರಡು ವಾರದಲ್ಲಿ ಕಾವೇರಿ ನೀರು ಎರಡು ದಿನ ಬರಲ್ಲ ಅಂತ ಗ್ರೂಪಿನಲ್ಲಿ ಹಾಕಿದ್ದರು. ನನಗೆ ಗೊತ್ತಾಗಿದ್ದು ಸಂಪ್ ಖಾಲಿ ಆದ ಮೇಲೆ. ಸಿಟ್ಟು ಮಾಡಿಕೊಂಡದ್ದು ನಾನು, ನೀರಿಲ್ಲದೆ ಇದ್ದದ್ದು ಇಡೀ ಮನೆ. ನನ್ನ ಹೆಂಡತಿ ಯಾವ ಜಗಳಕ್ಕೂ ಹೋದವಳಲ್ಲ.

---

ಮೂರನೇ ಮಹಡಿ

"ಪೀಡೆ" ತರಹದ್ದು ನಮ್ಮಲ್ಲೂ ಬಂದಿದೆ. ಒಬ್ಬರು "ಗುಡ್ ರಿಡನ್ಸ್" ಅಂದರು, ಅದಕ್ಕೆ ಹನ್ನೊಂದು ಥಂಬ್ಸ್ ಅಪ್. ನೋಟಿಸ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಶನಿವಾರ ಟ್ಯಾಂಕ್ ತೊಳೆಯುವುದಿದೆ.

ಒಂದು ಪ್ರಶ್ನೆ. ಯಾರಾದರೂ ಬಿಟ್ಟುಹೋದರೆ ಅದು ಎಲ್ಲರಿಗೂ ಕಾಣುತ್ತಾ? ಕೆಲವರು ನೋಡಿದ್ದೇವೆ ಅಂತಾರೆ, ಕೆಲವರು ಇಲ್ಲ ಅಂತಾರೆ.

---

ಕೀಲಿಮಣೆ

ಮೊದಲು "ಇಂಥವರು ಹೊರಹೋದರು" ಅಂತ ಎಲ್ಲರ ಪರದೆಗೂ ಬರುತ್ತಿತ್ತು. 2022ರಿಂದ ತಾವಾಗಿ ಬಿಟ್ಟವರ ಸುದ್ದಿ ಅಡ್ಮಿನ್‌ಗಳಿಗೆ ಮಾತ್ರ ಬರುತ್ತೆ. ಹಾಗಂತ ಗುಟ್ಟಾಗಿ ಉಳಿಯಲ್ಲ. ಗ್ರೂಪಿನ ಮಾಹಿತಿ ಪುಟದ ಕೊನೆಗೆ ಹೋದರೆ, ಹಿಂದಿನ 60 ದಿನದಲ್ಲಿ ಹೊರಗೆ ಹೋದವರ ಪಟ್ಟಿ ಯಾರು ಬೇಕಾದರೂ ನೋಡಬಹುದು.

ಇದರಿಂದ ಒಂದು ಅನುಕೂಲ ಇದೆ. ಯಾರಾದರೂ ಸದ್ದಿಲ್ಲದೆ ಹೋದರೆ ನೀವು ಡಂಗುರ ಸಾರಬೇಕಾಗಿಲ್ಲ. ನಿಮ್ಮ ಹಿರಿಯರು ಬಾಗಿಲು ಬಡಿದು ಹೋಗಿದ್ದಾರೆ, ಎಲ್ಲರೂ ಓದಿದ್ದಾರೆ. ಹಾಗಾಗಿ ಈಗ ಒಂದು ಮಾತು ಹೇಳಲೇಬೇಕು.

ಹುಡುಗನ ವಿಷಯದಲ್ಲಿ ಗಮನಿಸಿ. ತಾನಾಗಿ ಬಿಟ್ಟವರು ಲಿಂಕ್ ಒತ್ತಿ ಮತ್ತೆ ಬರಬಹುದು. ಅಡ್ಮಿನ್ ತೆಗೆದವರಿಗೆ ಆ ಲಿಂಕ್ ಕೆಲಸ ಮಾಡಲ್ಲ, ಅಡ್ಮಿನ್ನೇ ಮತ್ತೆ ಸೇರಿಸಬೇಕು. "ಬೇಕಾದರೆ ಬರಲಿ" ಅಂತ ಅವನಿಗೆ ಹೇಳುವುದಾದರೆ ಇದು ನೆನಪಿರಲಿ. ಅವನು ಲಿಂಕ್ ಒತ್ತಿ ಆಗದೇ ಇದ್ದಾಗ ಮತ್ತೆ ಅವಮಾನ ಅಂದುಕೊಳ್ಳುತ್ತಾನೆ.

ಆ ವಾಯ್ಸ್ ಮೆಸೇಜ್ ಅಳಿಸುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ. ಮೆನುವಿನಲ್ಲಿ `Export chat` ಇದೆ, ಮೀಡಿಯಾ ಸೇರಿಸಿ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ನಾಳೆ "ನಾನು ಹಾಗೆ ಅಂದೇ ಇಲ್ಲ" ಅಂದರೆ ಬೇಕಾಗುತ್ತೆ. ಅಡ್ಮಿನ್ ಅಳಿಸಿದರೆ ಆ ಜಾಗದಲ್ಲಿ ಯಾವ ಅಡ್ಮಿನ್ ಅಳಿಸಿದರು ಅಂತ ಹೆಸರು ಉಳಿಯುತ್ತೆ. ಖಜಾಂಚಿ ಕೈಯಲ್ಲಿ ಮಾಡಿಸಬೇಡಿ.

ಹಿರಿಯರ ಮೆಸೇಜುಗಳನ್ನು ಮಾತ್ರ ಮುಟ್ಟಬೇಡಿ. ಆ ಪುಸ್ತಕದ ಫೋಟೋ ಮಾಯ ಆದರೆ ಮುಗೀತು ಕಥೆ.

---

ಧಾರವಾಡ ಪೇಡಾ

ಎಲ್ಲಾರೂ ಹಿರಿಯರ ಬಗ್ಗೆನೇ ಮಾತಾಡ್ತಿದ್ದೀರಲ್ರೀ. "ಕಳ್ಳರ ಸಂತೆ" ಅಂದದ್ದು ಅವರೇ ಅಲ್ಲೇನು? ಖಜಾಂಚಿ ಸಂಬಳ ಇಲ್ಲದೆ ದುಡಿಯುವ ಮನುಷ್ಯ. ನಾನೂ ಖಜಾಂಚಿ ಆಗಿದ್ದೆ. ರಾತ್ರಿ ಎರಡಕ್ಕೆ ಟ್ಯಾಂಕರ್ ಬಂದರೆ ಚಡ್ಡಿಯಲ್ಲೇ ಇಳಿದುಹೋಗಿ ವಾಲ್ವ್ ತೆಗೆಯಬೇಕು. ಆಮೇಲೆ 64 ಮನೆಯ ಮುಂದೆ ಕಳ್ಳ ಅನ್ನಿಸಿಕೊಳ್ಳಬೇಕು. ಹೋದವರಿಗೆ ಮಾನ ಕೊಡಬೇಕು, ಸರಿ. ಉಳಿದವರಿಗೆ?

---

ಹಳೇ ಕಾರ್ಯದರ್ಶಿ

ನ್ಯಾಯವಾದ ಮಾತು. ಖಜಾಂಚಿಯ ಮಾನ ಉಳಿಯುವುದು ಲೆಕ್ಕ ಹೊರಗೆ ಬಂದಾಗ. "ಅವರು ಪ್ರಾಮಾಣಿಕರು" ಅಂತ ಅಡ್ಮಿನ್ ಸರ್ಟಿಫಿಕೇಟ್ ಕೊಟ್ಟರೆ ಇನ್ನೂ ಹಾಳು. ಯಾರು ಕೇಳಿದರು ಸರ್ಟಿಫಿಕೇಟ್ ಅಂತ ಜನ ಅನ್ನುತ್ತಾರೆ.

ಮೂರನೇ ಮಹಡಿಯವರೇ, ಒಂದು ಕಹಿ ಮಾತು ಹೇಳಲೇಬೇಕು. ಪ್ರಶ್ನೆ ಇದ್ದದ್ದು ಖಜಾಂಚಿ ಮೇಲೆ. ರಿಮೂವ್ ಒತ್ತಿದ್ದೂ ಖಜಾಂಚಿ. ಹುಡುಗ ಆಡಿದ ಮಾತು ಎಷ್ಟೇ ಹೊಲಸಾಗಿರಲಿ, ಹೆಂಡತಿಯನ್ನು ಬೈದಾಗ ಯಾರಿಗಾದರೂ ಕೈ ತಡೆಯಲ್ಲ, ಅದು ಗೊತ್ತು. ಆದರೂ ಜಗಳದಲ್ಲಿ ಇರುವವನ ಕೈಯಲ್ಲಿ ಆ ಬಟನ್ ಇರಬಾರದು. ನಾವು ಮಾಡಿಕೊಂಡಿದ್ದ ಪದ್ಧತಿ ಹೀಗೆ: ಕಮಿಟಿಯಲ್ಲಿ ಇಲ್ಲದ ಒಬ್ಬರು ಅಡ್ಮಿನ್ ಆಗಿರಬೇಕು. ನಮ್ಮಲ್ಲಿ ಎಂಟನೇ ಮಹಡಿಯ ಒಬ್ಬ ಗಣಿತದ ಮೇಡಂ ಇದ್ದರು. ಅವರಿಗೆ ಕಮಿಟಿ ಮೇಲೂ ಕಮ್ಮಿ ಪ್ರೀತಿ, ಜಗಳಗಂಟರ ಮೇಲೂ ಕಮ್ಮಿ ಪ್ರೀತಿ. ಅವರು ತೆಗೆದರೆ ಯಾರೂ ಉಸಿರೆತ್ತುತ್ತಿರಲಿಲ್ಲ.

ನಿಮ್ಮ ಮೆಸೇಜಿನಲ್ಲಿ ಇದನ್ನು ಮುಚ್ಚಬೇಡಿ. ಯಾರು ತೆಗೆದರು ಅಂತ ಹುಡುಗನ ಪರದೆಯಲ್ಲೇ ಇದೆ.

---

ಬಿಸಿಬೇಳೆ

ಹಾಗಾದರೆ ಹುಡುಗನನ್ನು ಮತ್ತೆ ಸೇರಿಸಿ, ಇವರು ಅಂದರೆ ಕಾರ್ಯದರ್ಶಿ ಇನ್ನೊಂದು ಸಲ ತೆಗೆಯಬೇಕಾ? ಕೋರ್ಟಿನ ಹಾಗೆ ಮರುವಿಚಾರಣೆ?

ಅಂದ ಹಾಗೆ ಟ್ಯಾಂಕರ್‌ಗೆ ಎಷ್ಟು ಕೊಡ್ತಿದ್ದೀರಿ? 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 12,000 ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ ₹1,000 ಅಂತ ದರ ಕಟ್ಟಿತ್ತು. ಆ ದರಕ್ಕೆ ಯಾರೂ ಕೊಡಲಿಲ್ಲ ಅನ್ನೋದು ಬೇರೆ.

---

ಮೂರನೇ ಮಹಡಿ

ದರದ ಕಥೆ ಇನ್ನೊಂದು ದಿನ, ದಯವಿಟ್ಟು. ಈಗಲೇ ತಲೆ ಸಿಡಿಯುತ್ತಿದೆ.

ಮತ್ತೆ ಬರೆದಿದ್ದೇನೆ. ನೋಡಿ.

> "ನಿನ್ನೆ ರಾತ್ರಿಯ ವಿಷಯ. 502ರ ಸದಸ್ಯರು ತಾವಾಗಿ ಗ್ರೂಪ್ ಬಿಟ್ಟಿದ್ದಾರೆ. ಅವರನ್ನು ಯಾರೂ ತೆಗೆದಿಲ್ಲ, ಯಾವಾಗ ಬೇಕಾದರೂ ಬರಬಹುದು. ಅವರು ಕೇಳಿದ ಟ್ಯಾಂಕರ್ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿ ಇದೆ. ಬಿಲ್, ಡೆಲಿವರಿ ಚೀಟಿ, ಗೇಟ್ ಪುಸ್ತಕ ಮೂರನ್ನೂ ಹೋಲಿಸಿ ಭಾನುವಾರ ಸಂಜೆ 6ರೊಳಗೆ ಇಲ್ಲೇ ಹಾಕುತ್ತೇನೆ.
>
> 204ರ ಸದಸ್ಯರನ್ನು ಅಸಭ್ಯವಾಗಿ ವರ್ತಿಸಿದ್ದಕ್ಕೆ 15 ದಿನ ಗ್ರೂಪಿನಿಂದ ತೆಗೆಯಲಾಗಿದೆ.
>
> ಇಬ್ಬರ ಬಗ್ಗೆಯೂ ಇಲ್ಲಿ ಚರ್ಚೆ ಬೇಡ."

---

ಹಳೇ ಕಾರ್ಯದರ್ಶಿ

ಮೊದಲ ಭಾಗ ಚೆನ್ನಾಗಿದೆ. ದಿನ ಮತ್ತು ಗಂಟೆ ಹಾಕಿದ್ದೀರಲ್ಲ, ಅದೇ ಬೇಕಿತ್ತು. "ಶೀಘ್ರದಲ್ಲೇ" ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಭಾನುವಾರ 6ಕ್ಕೆ ಲೆಕ್ಕ ಸಿಗದೇ ಹೋದರೂ, ಎಲ್ಲಿಯವರೆಗೆ ಬಂದಿದೆ ಅಂತ 6ಕ್ಕೇ ಹಾಕಬೇಕು. ಇಲ್ಲವಾದರೆ ಮೊದಲಿಗಿಂತ ಕೆಟ್ಟದಾಗುತ್ತೆ.

ಎರಡನೇ ಭಾಗದಲ್ಲಿ "ಅಸಭ್ಯವಾಗಿ ವರ್ತಿಸಿದ್ದಕ್ಕೆ" ತೆಗೆಯಿರಿ. ಯಾವ ಅಸಭ್ಯತೆ? ಕೇಳದೇ ಇದ್ದವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಬಾಡಿಗೆಗಿರುವ ಒಂಟಿ ಹುಡುಗ ಬೇರೆ. "ಒಂದು ವಾಯ್ಸ್ ಮೆಸೇಜಿನಲ್ಲಿ ಇನ್ನೊಬ್ಬ ಸದಸ್ಯರ ಮನೆಯವರನ್ನು ಬೈದದ್ದಕ್ಕೆ" ಅಂತ ಹೇಳಿ. ಪಕ್ಕದಲ್ಲೇ "ಟ್ಯಾಂಕರ್ ಬಗ್ಗೆ ಕೇಳಿದ್ದಕ್ಕಲ್ಲ" ಅಂತ ಸೇರಿಸಿ. ಈ ಮೂರು ಪದ ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ.

"ಚರ್ಚೆ ಬೇಡ" ಅಂದರೆ ಬಾಯಿ ಮುಚ್ಚಿಸಿದ ಹಾಗೆ ಕೇಳುತ್ತೆ. ಕಾರಣ ಹೇಳಿ. ಅವರಿಬ್ಬರೂ ಇಲ್ಲಿಲ್ಲ, ಉತ್ತರ ಕೊಡಲು ಆಗಲ್ಲ, ಅದಕ್ಕೆ ಅವರ ಬಗ್ಗೆ ಮಾತು ಬೇಡ. ಈ ಕಾರಣ ಹೇಳಿದರೆ "ಗುಡ್ ರಿಡನ್ಸ್" ಅಂದವರಿಗೂ ಮುಟ್ಟುತ್ತೆ. ನಿಮ್ಮ ನಿರ್ಧಾರ ತಪ್ಪು ಅನ್ನಿಸಿದವರಿಗೆ ಒಂದು ದಾರಿ ಬಿಡಿ, ನನಗೆ ಫೋನ್ ಮಾಡಿ ಅಂತ.

ನೋಟಿಸ್ ಸಾಲು ಬಿಟ್ಟಿದ್ದೀರಿ. ಗ್ರೂಪಿನಿಂದ ಹೋದರೂ ಹಿರಿಯರು ಸಂಘದ ಸದಸ್ಯರೇ, ಮನೆ ಅವರದ್ದೇ. ಸರ್ವಸದಸ್ಯರ ಸಭೆಯ ನೋಟಿಸ್ ಬೈಲಾದಲ್ಲಿ ಹೇಳಿದ ರೀತಿಯಲ್ಲಿ ಅವರಿಗೆ ತಲುಪಲೇಬೇಕು. ಗ್ರೂಪಿನಲ್ಲಿ ಹಾಕಿದ್ದೆವು ಅಂದರೆ ನಾಳೆ ಆ ಸಭೆಯ ತೀರ್ಮಾನವನ್ನೇ ಅವರು ಪ್ರಶ್ನಿಸಬಹುದು.

---

ಕೀಲಿಮಣೆ

ಅದಕ್ಕೇ ನೋಟಿಸ್‌ಗೆ ಬೇರೆ ಗ್ರೂಪ್ ಇರಬೇಕು ಅನ್ನುವುದು. ಅಡ್ಮಿನ್ ಮಾತ್ರ ಬರೆಯುವಂಥದ್ದು. ನೀರು, ಕರೆಂಟು, ಲಿಫ್ಟ್, ಸಭೆ ಅಷ್ಟೇ ಅದರಲ್ಲಿ. ಹರಟೆ, ಜಗಳ, ಸೋಫಾ ಮಾರಾಟ ಎಲ್ಲ ಇನ್ನೊಂದರಲ್ಲಿ. ಹರಟೆ ಗ್ರೂಪಿನಿಂದ ತೆಗೆದರೂ ನೋಟಿಸ್ ಗ್ರೂಪಿನಿಂದ ಯಾರನ್ನೂ ತೆಗೆಯಬಾರದು. ಅಲ್ಲಿ ಬರೆಯಲಿಕ್ಕೇ ಆಗಲ್ಲ, ತೆಗೆಯಲು ಕಾರಣವೂ ಇರಲ್ಲ.

---

ಎರಡು ಸಲ ಎಕ್ಸಿಟ್

ಮನೆ ನಂಬರ್ ಹಾಕಬೇಕಾ? 204 ಅಂದರೆ ಎಲ್ಲರಿಗೂ ಗೊತ್ತಲ್ಲ. ಆ ಹುಡುಗ ಲಿಫ್ಟ್‌ನಲ್ಲಿ ಓಡಾಡಬೇಕು. ಮನೆ ಓನರ್‌ಗೆ ಗೊತ್ತಾದರೆ ಖಾಲಿ ಮಾಡಿಸುತ್ತಾರೆ. ಒಂದು ಬೈಗುಳಕ್ಕೆ ಮನೆ ಕಳೆದುಕೊಳ್ಳೋದಾ?

---

ಧಾರವಾಡ ಪೇಡಾ

ಬೈದದ್ದು ಎಲ್ಲರ ಮುಂದೆ. ತೆಗೆದದ್ದೂ ಎಲ್ಲರ ಮುಂದೆ ಗೊತ್ತಾಗಲಿ. ಖಜಾಂಚಿ ಹೆಂಡತಿಯೂ ಅದೇ ಲಿಫ್ಟ್‌ನಲ್ಲೇ ಓಡಾಡ್ತಾರೆ.

---

ಹಳೇ ಕಾರ್ಯದರ್ಶಿ

ನಾನು ಹಿರಿಯರ ನಂಬರ್ ಹಾಕುತ್ತೇನೆ, ಹುಡುಗನದ್ದು ಹಾಕಲ್ಲ. ಹಿರಿಯರ ಬಗ್ಗೆ ಹೇಳುತ್ತಿರುವುದು ಅವರಿಗೆ ಒಳ್ಳೆಯದು, ಅವರನ್ನು ಯಾರೂ ತೆಗೆದಿಲ್ಲ ಅಂತ. ಹುಡುಗನದ್ದು ಶಿಕ್ಷೆ. ಕೇಳಿದವರಿಗೆ ಹೇಗೂ ಗೊತ್ತು, ಕೇಳದವರಿಗೆ ನಾವಾಗಿ ಗೊತ್ತು ಮಾಡಬೇಕಾಗಿಲ್ಲ. ಆದರೆ ಪೇಡಾ ಹೇಳಿದ್ದನ್ನು ತಪ್ಪು ಅನ್ನಲಾರೆ. ಆ ಹೆಂಗಸನ್ನು ಮೊದಲು ಕೇಳಿ ಮೂರನೇ ಮಹಡಿಯವರೇ. ಯಾರೂ ಅವರನ್ನು ಕೇಳಿದ ಹಾಗಿಲ್ಲ.

---

ಮೂರನೇ ಮಹಡಿ

ನಿಜ. ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಹೋಗಿ ಬಂದೆ. ಅವರು ಬಾಗಿಲಲ್ಲೇ ನಿಂತು ಹೇಳಿದರು: "ಆ ಮೆಸೇಜ್ ಮೊದಲು ತೆಗೆಯಿರಿ. ನನ್ನ ಮಗ ಆ ಗ್ರೂಪಿನಲ್ಲಿದ್ದಾನೆ." ಬೇರೇನೂ ಬೇಡ ಅಂದರು. ಮಗನಿಗೆ ಹದಿನಾರು.

ಎಲ್ಲರೂ ರಿಮೂವ್ ಮಾಡಿದ್ದು ಸರಿಯೋ ತಪ್ಪೋ ಅಂತ ಚರ್ಚೆ ಮಾಡುತ್ತಿದ್ದೇವೆ. ಆ ಮೆಸೇಜ್ ಹದಿನಾಲ್ಕು ಗಂಟೆಯಿಂದ ಅಲ್ಲೇ ಇತ್ತು. ಪ್ರತಿ ಇಟ್ಟುಕೊಂಡು ಅಳಿಸಿದೆ.

---

ಹಳೇ ಕಾರ್ಯದರ್ಶಿ

ಇದನ್ನು ನಾನೂ ಮೊದಲೇ ಹೇಳಬೇಕಿತ್ತು.

---

ಮೂರನೇ ಮಹಡಿ (ಸೋಮವಾರ)

ಏನಾಯಿತು ಅಂತ ಹೇಳುತ್ತೇನೆ, ಕೆಲವರು ಕೇಳಿದಿರಿ.

ಅವತ್ತು ಮಧ್ಯಾಹ್ನ ಕಳಿಸಿದ್ದು ಇದು.

> "ನಿನ್ನೆ ರಾತ್ರಿಯ ವಿಷಯ. 502ರ ಸದಸ್ಯರು ತಾವಾಗಿ ಗ್ರೂಪ್ ಬಿಟ್ಟಿದ್ದಾರೆ. ಅವರನ್ನು ಯಾರೂ ತೆಗೆದಿಲ್ಲ, ಯಾವಾಗ ಬೇಕಾದರೂ ಬರಬಹುದು. ಅವರ ಟ್ಯಾಂಕರ್ ಪ್ರಶ್ನೆಗೆ ಉತ್ತರ ಬಾಕಿ ಇದೆ. ಬಿಲ್, ಚೀಟಿ, ಗೇಟ್ ಪುಸ್ತಕ ಹೋಲಿಸಿ ಭಾನುವಾರ ಸಂಜೆ 6ಕ್ಕೆ ಇಲ್ಲೇ ಹಾಕುತ್ತೇನೆ.
>
> ಇನ್ನೊಬ್ಬ ಸದಸ್ಯರನ್ನು, ವಾಯ್ಸ್ ಮೆಸೇಜಿನಲ್ಲಿ ಒಬ್ಬರ ಮನೆಯವರನ್ನು ಬೈದದ್ದಕ್ಕೆ, 15 ದಿನ ತೆಗೆದಿದ್ದೇವೆ. ಟ್ಯಾಂಕರ್ ಬಗ್ಗೆ ಕೇಳಿದ್ದಕ್ಕಲ್ಲ. ತೆಗೆದವರು ಖಜಾಂಚಿ. ಆ ಜಗಳದಲ್ಲಿ ಅವರೂ ಇದ್ದುದರಿಂದ ಇನ್ನು ಮುಂದೆ ಇಂಥ ನಿರ್ಧಾರ ಅವರು ಮಾಡುವುದಿಲ್ಲ. ನಮ್ಮಲ್ಲಿ ಇದಕ್ಕೆ ಬರೆದಿಟ್ಟ ನಿಯಮ ಇರಲಿಲ್ಲ, ಅದು ನಮ್ಮ ತಪ್ಪು. ಸಭೆಯಲ್ಲಿ ಬರೆಯೋಣ.
>
> ಇಬ್ಬರಿಗೂ ನೀರು, ಲಿಫ್ಟ್, ಸಭೆಯ ನೋಟಿಸ್ ಬೇರೆಯಾಗಿ ತಲುಪುತ್ತದೆ. ಅವರು ಇಲ್ಲಿ ಉತ್ತರ ಕೊಡಲು ಆಗದ ಕಾರಣ ಅವರ ಬಗ್ಗೆ ಇಲ್ಲಿ ಮಾತು ಬೇಡ. ನಿರ್ಧಾರ ಸರಿಯಿಲ್ಲ ಅನ್ನಿಸಿದರೆ ನನಗೆ ಫೋನ್ ಮಾಡಿ."

ಅವತ್ತು ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ಗ್ರೂಪ್ ಮುಚ್ಚಿದ್ದೆ. 8ಕ್ಕೆ ತೆರೆಯುತ್ತೇನೆ ಅಂತ ಮೊದಲೇ ಹೇಳಿದ್ದೆ, 8ಕ್ಕೇ ತೆರೆದೆ. ಏಳು ಫೋನ್ ಬಂದವು. ಐದು ಜನ ಹುಡುಗನಿಗೆ 15 ದಿನ ಕಮ್ಮಿ ಅಂದರು. ಒಬ್ಬರು ಜಾಸ್ತಿ ಅಂದರು. ಒಬ್ಬರು ಸೋಫಾ ಮಾರಾಟಕ್ಕಿದೆ ಅಂದರು.

"ಗುಡ್ ರಿಡನ್ಸ್" ಬರೆದವರು ತಾವೇ ಅಳಿಸಿದರು. ನಾನು ಅವರಿಗೆ ಏನೂ ಹೇಳಿರಲಿಲ್ಲ.

ಖಜಾಂಚಿಗೆ ನನ್ನ ಮೇಲೆ ಸಿಟ್ಟು. "ತೆಗೆದವರು ಖಜಾಂಚಿ" ಅಂತ ಬರೆದದ್ದು ಅವರಿಗೆ ಹಿಡಿಸಲಿಲ್ಲ. ಕಳಿಸುವ ಮೊದಲು ತೋರಿಸಿದ್ದೆ, ಆಗ ಹೂಂ ಅಂದಿದ್ದರು. ಈಗ ರಾಜೀನಾಮೆ ಕೊಡ್ತೀನಿ ಅಂತಿದ್ದಾರೆ.

ಲೆಕ್ಕ ಹೀಗೆ ಬಂತು. ಐದರಲ್ಲಿ ಮೂರು ಟ್ಯಾಂಕರ್ ನಡುರಾತ್ರಿ ಬಂದಿವೆ. ಆ ವಾರ ನಮ್ಮ ಕಾಯಂ ಗಾರ್ಡ್ ಊರಿಗೆ ಹೋಗಿದ್ದ, ಬದಲಿ ಗಾರ್ಡಿಗೆ ಪುಸ್ತಕ ಬರೆಯಬೇಕು ಅಂತ ಯಾರೂ ಹೇಳಿರಲಿಲ್ಲ. ಸಂಪ್ ಹತ್ತಿರ ನಮ್ಮ ಪ್ಲಂಬರ್ ಸಹಿ ಹಾಕಿದ ಚೀಟಿ ಮೂರಕ್ಕೂ ಇದೆ. ಉಳಿದ ಎರಡಕ್ಕೆ ಚೀಟಿ ಇಲ್ಲ, ಪುಸ್ತಕದಲ್ಲೂ ಇಲ್ಲ, ಬಿಲ್‌ನಲ್ಲಿ ಮಾತ್ರ ಇದೆ. ಕೇಳಿದಾಗ ನೀರಿನವನು "ಹುಡುಗರು ತಪ್ಪು ಬರೆದಿರಬಹುದು" ಅಂತ ಎರಡರ ದುಡ್ಡು ಈ ತಿಂಗಳು ಕಳೆಯಲು ಒಪ್ಪಿದ. ಎಲ್ಲವನ್ನೂ ಫೋಟೋ ಸಮೇತ ಭಾನುವಾರ 5:50ಕ್ಕೆ ಹಾಕಿದೆ.

ಅಂದರೆ ಹಿರಿಯರು ಎರಡು ಟ್ಯಾಂಕರ್‌ನಷ್ಟು ಸರಿ.

---

ಧಾರವಾಡ ಪೇಡಾ

ಖಜಾಂಚಿ ಮೂರು ಟ್ಯಾಂಕರ್‌ನಷ್ಟು ಸರಿ ಅಂತಲೂ ಬರೀರಿ. ಮತ್ತು ಅವರು ರಾಜೀನಾಮೆ ಕೊಟ್ಟರೆ ಆ ಜಾಗಕ್ಕೆ ಯಾರು ಬರ್ತಾರೆ ಅಂತ ಈಗಲೇ ಯೋಚಿಸಿ. ಯಾರೂ ಬರಲ್ಲ.

---

ಬಿಸಿಬೇಳೆ

ಹಿರಿಯರು ವಾಪಸ್ ಬಂದರಾ?

---

ಮೂರನೇ ಮಹಡಿ

ಇಲ್ಲ. ಲೆಕ್ಕದ ಹಾಳೆ ಪ್ರಿಂಟ್ ಮಾಡಿಕೊಂಡು ಮನೆಗೆ ಹೋಗಿದ್ದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ಸಿಲಿನಲ್ಲಿ ಒಂದು ಕಡೆ ಕೂಡಿಸಿದ್ದು ತಪ್ಪಾಗಿದೆ ಅಂತ ತಿದ್ದಿದರು, ತಪ್ಪಾಗಿತ್ತು. ಕಾಫಿ ಕೊಟ್ಟರು. ಗ್ರೂಪಿಗೆ ಬರಲ್ಲ, ಆ ಫೋನೇ ತಲೆನೋವು, ನೋಟಿಸ್ ಇದ್ದರೆ ಕಾಗದದಲ್ಲಿ ಬಾಗಿಲ ಕೆಳಗೆ ಹಾಕಿ ಅಂದರು. "ಕಳ್ಳರ ಸಂತೆ" ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಿತ್ತೇನೋ. ಖಜಾಂಚಿ ಕಾಯುತ್ತಿರುವುದು ಆ ಒಂದು ಮಾತಿಗೆ.

ಹುಡುಗನಿಗೆ ಇನ್ನೂ ಹನ್ನೊಂದು ದಿನ ಇದೆ. ನಿನ್ನೆ ಗೇಟಿನ ಹತ್ತಿರ ಸಿಕ್ಕಿದ. ನೋಟಿಸ್ ಬೋರ್ಡಿನ ಮುಂದೆ ನಿಂತು ಟ್ಯಾಂಕ್ ತೊಳೆಯುವ ದಿನ ಓದುತ್ತಿದ್ದ. ಅದು ಶನಿವಾರವೇ ಮುಗಿದಿತ್ತು. ಅವನಿಗೆ ಬೇರೆಯಾಗಿ ಕಳಿಸುತ್ತೇನೆ ಅಂತ 95 ಜನರಿಗೆ ಹೇಳಿ, ನಾನೇ ಮರೆತಿದ್ದೆ.